ಪಹಣಿಯಲ್ಲಿ ಹೆಸರಿದೆ, ಹಕ್ಕು ಎಷ್ಟಿದೆ?

"ಖಾತೆ ನನ್ ಹೆಸ್ರಲ್ಲೇ ಐತಲ್ಲ ಸ್ವಾಮಿ. ಪಾಣಿ ನೋಡಿ, ಕಂದಾಯದ ರಸೀತಿ ನೋಡಿ. ಇನ್ನೇನ್ ಬೇಕು?"

ತಿಪಟೂರು ಕಡೆಯ, ಅರವತ್ತರ ಆಸುಪಾಸಿನ ರೈತರೊಬ್ಬರು ವಕೀಲರ ಮೇಜಿನ ಮೇಲೆ ಕಾಗದದ ಕಟ್ಟು ಬಿಚ್ಚಿ ಕೇಳಿದ ಪ್ರಶ್ನೆ ಇದು. ಅವರಿಗಿರುವುದು 4 ಎಕರೆ. ಒಂದೂವರೆ ಎಕರೆಯಲ್ಲಿ ತೆಂಗು, ಉಳಿದದ್ದರಲ್ಲಿ ರಾಗಿ. ಮಗಳ ಮದುವೆಗೆ ದುಡ್ಡು ಹೊಂದಿಸಲು ರಸ್ತೆ ಪಕ್ಕದ 1 ಎಕರೆ ಮಾರಲು ಹೊರಟಿದ್ದರು. ಕೊಳ್ಳುವವರು ಮುಂಗಡ ಕೊಡುವ ಮೊದಲು ಕಾಗದ ಪತ್ರ ನೋಡಿಸಬೇಕೆಂದರು. ಅವರ ವಕೀಲರು ಕಟ್ಟನ್ನೆಲ್ಲ ಓದಿ, ಕನ್ನಡಕ ತೆಗೆದಿಟ್ಟು, "ಯಜಮಾನ್ರೇ, ಪಹಣಿಯಲ್ಲಿ 4 ಎಕರೆಗೂ ನಿಮ್ಮ ಹೆಸರಿದೆ, ನಿಜ. ಆದರೆ ಈ ಕಾಗದಗಳ ಪ್ರಕಾರ ನಿಮಗೆ ಸೇರಿದ್ದು 1 ಎಕರೆ ಮಾತ್ರ. ಆ 1 ಎಕರೆ ಯಾವ ಕಡೆಯದು ಅಂತಲೂ ಇನ್ನೂ ತೀರ್ಮಾನ ಆಗಿಲ್ಲ" ಎಂದರು.

ಈ ರೈತರಿಗೆ ಇಲ್ಲಿ ಹೆಸರು ಕೊಟ್ಟಿಲ್ಲ. ತಾಲ್ಲೂಕು ಕಚೇರಿಗಳಲ್ಲಿ, ಸಿವಿಲ್ ಕೋರ್ಟುಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಸಂಗತಿಗಳನ್ನು ಒಂದೇ ಮನೆಯ ಕಥೆಯಾಗಿ ಕಟ್ಟಿ ಹೇಳಲಾಗಿದೆ. ಮನೆ ಕಲ್ಪಿತ, ಅದಕ್ಕೆ ಅನ್ವಯಿಸುವ ಕಾನೂನು, ತೀರ್ಪುಗಳು ನಿಜವಾದವು.

ನಂಬಿಕೆ ಬೆಳೆದ ಬಗೆ

ರೈತರ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಸಹಕಾರ ಸಂಘ ವರ್ಷ ವರ್ಷ ಬೆಳೆಸಾಲ ಕೊಟ್ಟಿದ್ದು ಪಹಣಿ ನೋಡಿ. ಬ್ಯಾಂಕು ಸಾಲ ಕೊಟ್ಟು ಅದೇ ಪಹಣಿಯ 11ನೇ ಕಾಲಮ್ಮಿನಲ್ಲಿ ಸಾಲದ ಮೊತ್ತ ನಮೂದು ಮಾಡಿಸಿತು. ಬೆಳೆ ವಿಮೆ, ಬರ ಪರಿಹಾರ, 2019ರಿಂದ ವರ್ಷಕ್ಕೆ 6,000 ರೂಪಾಯಿ ಕೊಡುವ ಕೇಂದ್ರದ ಕಿಸಾನ್ ಸಮ್ಮಾನ್ ಹಣ, ಎಲ್ಲದಕ್ಕೂ ಪಹಣಿಯೇ ಬೇಕಾಯಿತು. ಸರ್ಕಾರವೇ ಇಷ್ಟು ಕಡೆ ಒಪ್ಪಿಕೊಂಡ ಕಾಗದ ಮಾರಾಟದ ಹೊತ್ತಿಗೆ ಮಾತ್ರ ಸಾಲದು ಎಂದರೆ ಯಾರಿಗಾದರೂ ಗಾಬರಿಯೇ.

ಆದರೆ ಆ ಕಚೇರಿಗಳಿಗೆ ಬೇಕಾಗಿದ್ದದ್ದು ಬೇರೆ ಮಾಹಿತಿ. ಈ ಜಮೀನು ಯಾರ ಕೈಯಲ್ಲಿದೆ, ಏನು ಬೆಳೆದಿದ್ದಾರೆ, ಕಂದಾಯ ಯಾರು ಕಟ್ಟುತ್ತಾರೆ ಎಂಬುದಷ್ಟೇ ಅವಕ್ಕೆ ಮುಖ್ಯ. ಆ ಜಮೀನು ಅವರಿಗೆ ಯಾರಿಂದ, ಯಾವ ಪತ್ರದ ಮೂಲಕ ಬಂತು, ಬರುವಾಗ ಬೇರೆಯವರ ಪಾಲೂ ಅದರಲ್ಲಿ ಸೇರಿಕೊಂಡಿತೇ ಎಂದು ಬೆಳೆಸಾಲ ಕೊಡುವ ಗುಮಾಸ್ತ ಕೇಳುವುದಿಲ್ಲ. ಕೊಳ್ಳುವವರ ವಕೀಲರು ಮೊದಲು ಕೇಳುವುದೇ ಅದನ್ನು.

ಪಹಣಿ ಹುಟ್ಟಿದ್ದೇ ಕಂದಾಯದ ಲೆಕ್ಕಕ್ಕಾಗಿ. ಊರನ್ನು ಅಳೆದು, ಸರ್ವೆ ನಂಬರು ಕೊಟ್ಟು, ಪ್ರತಿ ನಂಬರಿಗೆ ಆಕಾರ ಕಟ್ಟಿ, ಆ ಹಣವನ್ನು ಯಾರಿಂದ ವಸೂಲಿ ಮಾಡಬೇಕೆಂದು ಬರೆದಿಡುವ ಕ್ರಮದಿಂದ ಬೆಳೆದ ದಾಖಲೆ ಅದು. ಕರ್ನಾಟಕದಲ್ಲಿ 1964ರ ಭೂಕಂದಾಯ ಕಾಯ್ದೆ ಅದಕ್ಕೆ ಈಗಿನ ರೂಪ ಕೊಟ್ಟಿತು. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ತಿದ್ದಾಟ ನಿಂತಿತು, ಪಹಣಿಗಾಗಿ ಲೆಕ್ಕಿಗರ ಮನೆಗೆ ಅಲೆಯುವುದು ತಪ್ಪಿತು. ಆದರೆ ಪುಸ್ತಕದಲ್ಲಿ ಏನಿತ್ತೋ ಅದೇ ಕಂಪ್ಯೂಟರಿಗೆ ಹೋಯಿತು. ಒಬ್ಬೊಬ್ಬರ ಹಕ್ಕು ಸರಿಯೇ ಎಂದು ಆಗ ಯಾರೂ ವಿಚಾರಣೆ ನಡೆಸಲಿಲ್ಲ. ಅಚ್ಚಾದ ಅಕ್ಷರ, ಮೇಲೊಂದು ಮುದ್ರೆ ಕಂಡಾಗ ಹಕ್ಕೇ ಖಾತ್ರಿಯಾಯಿತು ಎಂಬ ಭಾವನೆ ಮಾತ್ರ ಬಲವಾಯಿತು.

10ನೇ ಕಾಲಮ್ಮು ಹೇಳುವ ಕಥೆ

ಪಹಣಿ ಕೈಗೆ ಬಂದರೆ ಎಲ್ಲರ ಕಣ್ಣು ಹೋಗುವುದು 9ನೇ ಕಾಲಮ್ಮಿಗೆ. ಅಲ್ಲಿ ಸ್ವಾಧೀನದಾರರ ಹೆಸರು, ತಂದೆಯ ಹೆಸರು, ವಿಸ್ತೀರ್ಣ, ಖಾತೆ ಸಂಖ್ಯೆ ಇರುತ್ತವೆ. ವಕೀಲರ ಬೆರಳು ನಿಂತಿದ್ದು ಅದರ ಪಕ್ಕದ 10ನೇ ಕಾಲಮ್ಮಿನ ಮೇಲೆ. ಜಮೀನು ಆ ಹೆಸರಿಗೆ ಹೇಗೆ ಬಂತು ಎಂಬುದು ಅಲ್ಲಿರುತ್ತದೆ: ಕ್ರಯ, ವಿಭಾಗ, ದಾನ, ಮಂಜೂರಾತಿ, ಪೌತಿ, ಕೋರ್ಟಿನ ಡಿಕ್ರಿ, ಹೀಗೆ. ಜೊತೆಗೆ ಎಂ.ಆರ್. ಸಂಖ್ಯೆ, ಅಂದರೆ ಹಕ್ಕು ಬದಲಾವಣೆ ವಹಿಯಲ್ಲಿ ಆ ಬದಲಾವಣೆ ದಾಖಲಾದ ಕ್ರಮಸಂಖ್ಯೆ ಮತ್ತು ವರ್ಷ.

ಈ ರೈತರ ಪಹಣಿಯಲ್ಲಿದ್ದದ್ದು 'ಪೌತಿ'. ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಆದ ಬದಲಾವಣೆ. ಕ್ರಯಪತ್ರವಾಗಲಿ ವಿಭಾಗಪತ್ರವಾಗಲಿ ಅದರ ಹಿಂದೆ ಇಲ್ಲ. ಹಾಗಾದರೆ ತೀರಿಕೊಂಡವರಿಗೆ ಜಮೀನು ಎಲ್ಲಿಂದ ಬಂತು? ಅವರಿಗೆ ಇನ್ನಾರು ವಾರಸುದಾರರಿದ್ದರು? ಇದನ್ನು ತಿಳಿಯಲು ವಕೀಲರು ರೈತರನ್ನು ಎರಡು ಕಡೆಗೆ ಕಳಿಸಿದರು. ಮೊದಲನೆಯದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು, ಅಲ್ಲಿ ಎಂ.ಆರ್. ನಕಲು ಮತ್ತು ಹಳೆಯ ಕೈಬರಹದ ಪಹಣಿ ತರಬೇಕು. ಎರಡನೆಯದು ಉಪನೋಂದಣಿ ಕಚೇರಿ. ಅಲ್ಲಿ ಋಣಭಾರ ಪತ್ರ, ಅಂದರೆ ಎಲ್ಲರೂ ಇ.ಸಿ. ಎನ್ನುವ ಕಾಗದ, ಮತ್ತು ಹಳೆಯ ಕ್ರಯಪತ್ರದ ದೃಢೀಕೃತ ನಕಲು ತರಬೇಕು.

ಕಾಗದಗಳು ಬಂದ ಮೇಲೆ ಬಯಲಾದ ಕಥೆ ಹೀಗಿತ್ತು.

ರೈತರ ತಾತ 1958ರಲ್ಲಿ ಈ 4 ಎಕರೆಯನ್ನು ನೋಂದಾಯಿತ ಕ್ರಯಪತ್ರದ ಮೂಲಕ ತಮ್ಮ ಸ್ವಂತ ದುಡಿಮೆಯ ಹಣದಿಂದ ಕೊಂಡಿದ್ದರು. ತಾತ 1978ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದರು. ಉಳಿದವರು ಇಬ್ಬರು ಗಂಡುಮಕ್ಕಳು: ರೈತರ ಅಪ್ಪ ಮತ್ತು ಚಿಕ್ಕಪ್ಪ. ಚಿಕ್ಕಪ್ಪ ಆಗಲೇ ಬೆಂಗಳೂರಿನಲ್ಲಿ ಕಾರ್ಖಾನೆ ಕೆಲಸಕ್ಕೆ ಸೇರಿದ್ದರು. ಹಿರಿಯ ಮಗ ಊರಿನಲ್ಲಿದ್ದಾನೆ, ಕಂದಾಯ ಕಟ್ಟುವವನೂ ಅವನೇ ಎಂದು ಪೌತಿ ಖಾತೆ ಅಪ್ಪನೊಬ್ಬರ ಹೆಸರಿಗೇ ಆಯಿತು. ಯಾರೂ ತಕರಾರು ತೆಗೆಯಲಿಲ್ಲ, ಏಕೆಂದರೆ ಮನೆಯಲ್ಲಿ ಜಗಳವೇ ಇರಲಿಲ್ಲ. 1985ರಲ್ಲಿ ಚಿಕ್ಕಪ್ಪ ಸೈಟು ಕೊಳ್ಳಲೆಂದು 8,000 ರೂಪಾಯಿ ಪಡೆದು, 'ಜಮೀನಿನಲ್ಲಿ ನನಗೆ ಇನ್ನು ಹಕ್ಕಿಲ್ಲ' ಎಂದು ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿಕೊಟ್ಟರು.

ಅಪ್ಪ ತೀರಿಕೊಂಡಿದ್ದು 1999ರಲ್ಲಿ. ಆಗ ಅಮ್ಮ, ಈ ರೈತರು ಮತ್ತು ಮದುವೆಯಾಗಿ ಪಕ್ಕದ ತಾಲ್ಲೂಕಿಗೆ ಹೋಗಿದ್ದ ತಂಗಿ, ಮೂವರೂ ಇದ್ದರು. "ಅಣ್ಣನ ಹೆಸರಿಗೆ ಖಾತೆಯಾಗಲು ನನ್ನ ತಕರಾರಿಲ್ಲ" ಎಂದು ತಂಗಿ ಲೆಕ್ಕಿಗರ ಮುಂದೆ ಹೇಳಿಕೆ ಕೊಟ್ಟರು. ಅಮ್ಮನೂ ಹೆಬ್ಬೆಟ್ಟು ಒತ್ತಿದರು. ಪಹಣಿಯಲ್ಲಿ ರೈತರ ಹೆಸರೊಂದೇ ಉಳಿಯಿತು. ಅಮ್ಮ 2010ರಲ್ಲಿ ತೀರಿಕೊಂಡರು. ಚಿಕ್ಕಪ್ಪನೂ ಈಗಿಲ್ಲ; ಚಿಕ್ಕಮ್ಮ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಬೆಂಗಳೂರಿನಲ್ಲಿದ್ದಾರೆ.

4 ಎಕರೆ 1 ಎಕರೆಯಾದ ಲೆಕ್ಕ

ವಕೀಲರು ಹಾಳೆಯ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದರು. 4 ಎಕರೆ ಎಂದರೆ 160 ಗುಂಟೆ. ತಾತನದು ಸ್ವಯಾರ್ಜಿತ ಆಸ್ತಿ, ಉಯಿಲಿಲ್ಲ. ಹಾಗಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ 1978ರಲ್ಲೇ ಅಪ್ಪನಿಗೆ 80 ಗುಂಟೆ, ಚಿಕ್ಕಪ್ಪನಿಗೆ 80 ಗುಂಟೆ ಹೋಯಿತು. ಖಾತೆ ಯಾರ ಹೆಸರಿಗಾಯಿತು ಎಂಬುದರಿಂದ ಈ ಲೆಕ್ಕ ಬದಲಾಗುವುದಿಲ್ಲ. ಉತ್ತರಾಧಿಕಾರ ಸಾವಿನ ಗಳಿಗೆಯಲ್ಲೇ ತೆರೆದುಕೊಳ್ಳುತ್ತದೆ.

1999ರಲ್ಲಿ ಅಪ್ಪನ 80 ಗುಂಟೆ ಅಮ್ಮ, ಮಗ, ಮಗಳು ಮೂವರಿಗೂ ಸಮನಾಗಿ ಬಂತು. ಅಮ್ಮ ಹೋದ ಮೇಲೆ ಅವರ ಪಾಲು ಅಣ್ಣ ತಂಗಿಯರಿಗೆ ಸರಿಯರ್ಧ. ಒಟ್ಟಿನಲ್ಲಿ ಅಣ್ಣನಿಗೆ 40 ಗುಂಟೆ, ತಂಗಿಗೆ 40 ಗುಂಟೆ, ಚಿಕ್ಕಪ್ಪನ ಮನೆಯವರಿಗೆ 80 ಗುಂಟೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಹೆಣ್ಣುಮಕ್ಕಳ ಪಾಲು ಎಂದಕೂಡಲೇ ಎಲ್ಲರೂ 2005ರ ತಿದ್ದುಪಡಿಯನ್ನು ನೆನೆಯುತ್ತಾರೆ. ಅದು ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನ ಸಮಾನ ಹಕ್ಕು ಕೊಟ್ಟಿತು. ಕರ್ನಾಟಕ 1994ರಲ್ಲೇ, ಆಗ ಮದುವೆಯಾಗಿರದ ಹೆಣ್ಣುಮಕ್ಕಳ ಮಟ್ಟಿಗೆ, ಅಂಥ ತಿದ್ದುಪಡಿ ತಂದಿತ್ತು. ಆದರೆ ಈ ಮನೆಯ ತಂಗಿಗೆ ಆ ತಿದ್ದುಪಡಿಗಳೇ ಬೇಕಾಗಿಲ್ಲ. ಅಪ್ಪನ ಪ್ರತ್ಯೇಕ ಆಸ್ತಿ ಉಯಿಲಿಲ್ಲದೆ ಉಳಿದರೆ ಮಗ, ಮಗಳು, ಹೆಂಡತಿ ಸಮಾನ ವಾರಸುದಾರರು ಎಂಬುದು 1956ರಿಂದಲೇ ಇರುವ ಕಾನೂನು.

"ತಂಗಿ ಬರೆದುಕೊಟ್ಟಿದ್ಲಲ್ಲ? ಚಿಕ್ಕಪ್ಪ ದುಡ್ಡು ತಗೊಂಡಿದ್ರಲ್ಲ?" ಎಂದು ರೈತರು ಕೇಳಿದರು. ಈ ಕಥೆಯಲ್ಲಿ ಅತಿ ಹೆಚ್ಚು ಮನೆಗಳು ಎಡವುವ ಜಾಗ ಇದೇ.

ಖಾತೆಗೆ ತಕರಾರಿಲ್ಲ ಎನ್ನುವುದು ಒಂದು, ಆಸ್ತಿಯ ಪಾಲನ್ನು ಬಿಟ್ಟುಕೊಡುವುದು ಇನ್ನೊಂದು. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಪತ್ರ ಬರೆದು ಬಿಟ್ಟುಕೊಡುವುದಾದರೆ ಆ ಪತ್ರ ನೋಂದಣಿಯಾಗಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆಯ 17ನೇ ಕಲಂ. ಲೆಕ್ಕಿಗರ ಮುಂದಿನ ಹೇಳಿಕೆ ಹಕ್ಕು ಬಿಡುಗಡೆ ಪತ್ರವಲ್ಲ. ಚಿಕ್ಕಪ್ಪನ ಚೀಟಿಗೆ ಮುದ್ರಾಂಕವೂ ಇಲ್ಲ, ನೋಂದಣಿಯೂ ಇಲ್ಲ. ಅವರ ಪಾಲು ಅಪ್ಪನಿಗೆ ವರ್ಗವಾಯಿತು ಎಂದು ಸಾಬೀತುಪಡಿಸಲು ಅದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಹೆಚ್ಚೆಂದರೆ ಮುದ್ರಾಂಕ ಶುಲ್ಕ ಮತ್ತು ದಂಡ ಕಟ್ಟಿ, 1985ರ ನಂತರ ಜಮೀನು ಯಾವ ರೀತಿಯಲ್ಲಿ ಅಪ್ಪನ ಸ್ವಾಧೀನದಲ್ಲಿತ್ತು ಎಂಬ ಪಕ್ಕದ ಸಂಗತಿಗೆ ಅದನ್ನು ತೋರಿಸಲು ಪ್ರಯತ್ನಿಸಬಹುದು.

ನಲವತ್ತು ವರ್ಷ ಉತ್ತದ್ದಕ್ಕೆ ಬೆಲೆಯಿಲ್ಲವೇ?

"ನಲವತ್ತು ವರ್ಷದಿಂದ ನಾವೇ ಉತ್ತು ಬಿತ್ತೀವಿ. ಹನ್ನೆರಡು ವರ್ಷ ಆದ್ರೆ ಜಮೀನು ಅನುಭವದಲ್ಲಿರೋರ್ದೇ ಅಂತಾರಲ್ಲ?" ಹಳ್ಳಿಗಳಲ್ಲಿ ಇದು ಬಲವಾಗಿ ಬೇರೂರಿದ ಮಾತು. 12 ವರ್ಷದ ಮಾತು ಕಾನೂನಿನಲ್ಲಿದೆ. ಆದರೆ ಅದಕ್ಕೆ ಬರೀ ಅನುಭವ ಸಾಲದು. ನಿಜವಾದ ಮಾಲೀಕರಿಗೆ ತಿಳಿಯುವಂತೆ, ಅವರ ಹಕ್ಕನ್ನು ಬಹಿರಂಗವಾಗಿ ಅಲ್ಲಗಳೆದು, ಬಿಡದೆ ಸ್ವಾಧೀನದಲ್ಲಿರಬೇಕು.

ಒಂದೇ ಆಸ್ತಿಯ ಪಾಲುದಾರರ ನಡುವೆ ಈ ಪರೀಕ್ಷೆ ಇನ್ನೂ ಕಠಿಣ. ಒಬ್ಬ ಪಾಲುದಾರನ ಸ್ವಾಧೀನ ಎಲ್ಲ ಪಾಲುದಾರರ ಪರವಾದ ಸ್ವಾಧೀನ ಎಂದೇ ಕಾನೂನು ಎಣಿಸುತ್ತದೆ. 1957ರಲ್ಲೇ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು: ಒಬ್ಬನೇ ಉಳುವುದು, ಒಬ್ಬನೇ ಫಸಲು ತಿನ್ನುವುದು ಸಾಲದು, ಉಳಿದವರನ್ನು ಹಕ್ಕಿನಿಂದ ಹೊರಗಿಟ್ಟದ್ದು ಅವರಿಗೆ ಗೊತ್ತಾಗುವಂತೆ ನಡೆದಿರಬೇಕು. ಈ ಮನೆಯಲ್ಲಿ ಪ್ರತಿ ಹಬ್ಬಕ್ಕೆ ಬೆಂಗಳೂರಿಗೆ ತೆಂಗಿನಕಾಯಿ, ರಾಗಿ ಹೋಗುತ್ತಿತ್ತು. ತಂಗಿಗೆ ಗೌರಿ ಹಬ್ಬದ ಬಾಗಿನ ತಪ್ಪಿರಲಿಲ್ಲ. ನೆಂಟಸ್ತಿಕೆ ಚೆನ್ನಾಗಿದ್ದುದೇ 'ನಾವು ಅವರನ್ನು ಹೊರಗಿಟ್ಟಿದ್ದೆವು' ಎಂಬ ವಾದಕ್ಕೆ ಅಡ್ಡಿ.

ಹಾಗೆಂದು ರೈತರ ದುಡಿಮೆ ಗಾಳಿಗೆ ಹೋಗುವುದಿಲ್ಲ. ಪಾಲು ಮಾಡುವಾಗ ಅವರು ತೆಂಗು ಬೆಳೆಸಿದ ಭಾಗವನ್ನು ಆದಷ್ಟು ಅವರ ಪಾಲಿಗೇ ಬರುವಂತೆ ಹಂಚುವುದುಂಟು. ಅದು ಯಾವ ಕಡೆ ಎಂಬುದನ್ನು ನಿರ್ಧರಿಸುತ್ತದೆಯೇ ಹೊರತು ಎಷ್ಟು ಗುಂಟೆ ಎಂಬುದನ್ನಲ್ಲ.

ನ್ಯಾಯಾಲಯಗಳು ಹೇಳಿದ್ದು

ಪಹಣಿ, ಖಾತೆ ಬದಲಾವಣೆಯ ಬೆಲೆಯೆಷ್ಟು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹಲವು ಸಲ ಬಂದಿದೆ. 1996ರ ಒಂದು ತೀರ್ಪಿನಲ್ಲಿ ಅದು ಹೇಳಿದ್ದರ ಸಾರ ಇಷ್ಟು: ಕಂದಾಯ ದಾಖಲೆಯಲ್ಲಿನ ಬದಲಾವಣೆ ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ, ಯಾರ ಹೆಸರಿಗೆ ಬದಲಾವಣೆಯಾಗಿದೆಯೋ ಅವರು ಕಂದಾಯ ಕಟ್ಟಲು ಅದು ಅನುವು ಮಾಡಿಕೊಡುತ್ತದೆ ಅಷ್ಟೆ. ಮಧ್ಯಪ್ರದೇಶದಿಂದ ಬಂದ 2021ರ ಪ್ರಕರಣದಲ್ಲಿ ಒಬ್ಬರು ಉಯಿಲಿನ ಆಧಾರದ ಮೇಲೆ ತಮ್ಮ ಹೆಸರಿಗೆ ಖಾತೆ ಮಾಡಿಕೊಡಿ ಎಂದು ಕೇಳಿದ್ದರು. ಆ ಉಯಿಲಿನ ಬಗ್ಗೆಯೇ ವಿವಾದವಿದ್ದರೆ ಮೊದಲು ಸಿವಿಲ್ ನ್ಯಾಯಾಲಯದಲ್ಲಿ ಹಕ್ಕು ಸಾಬೀತುಪಡಿಸಿ ಬನ್ನಿ ಎಂದು ನ್ಯಾಯಾಲಯ ಕಳಿಸಿತು.

ಹೈದರಾಬಾದಿನ ಕಾಕಾಗುಡದ ಪ್ರಕರಣ ಇನ್ನೂ ಕಣ್ಣಿಗೆ ಕಟ್ಟುವಂಥದು. 6 ಎಕರೆ ಚಿಲ್ಲರೆ ಜಮೀನು ತನ್ನದೆಂದು ವಾಸವಿ ಸಹಕಾರ ಗೃಹ ನಿರ್ಮಾಣ ಸಂಘ ಕೇಂದ್ರ ಸರ್ಕಾರದ ವಿರುದ್ಧ ದಾವೆ ಹೂಡಿತ್ತು. ಸಂಘ ನೆಚ್ಚಿಕೊಂಡದ್ದು ಹಳೆಯ ಕಂದಾಯ ದಾಖಲೆಗಳನ್ನು, ಪಹಣಿಗಳನ್ನು. ಕೆಳಗಿನ ನ್ಯಾಯಾಲಯದಲ್ಲೂ ಹೈಕೋರ್ಟಿನಲ್ಲೂ ಸಂಘವೇ ಗೆದ್ದಿತು. 2014ರಲ್ಲಿ ಸುಪ್ರೀಂ ಕೋರ್ಟು ಆ ಎರಡೂ ತೀರ್ಪುಗಳನ್ನು ಬದಿಗೊತ್ತಿತು. ದಾವೆ ಹೂಡಿದವರು ತಮ್ಮ ಹಕ್ಕಿನ ಬಲದಿಂದಲೇ ಗೆಲ್ಲಬೇಕು, ಎದುರಾಳಿಯ ದಾಖಲೆಯಲ್ಲಿನ ಕೊರತೆಯಿಂದಲ್ಲ. ಕಂದಾಯ ದಾಖಲೆಯ ನಮೂದು ಒಂದರಿಂದಲೇ ಒಡೆತನ ಸ್ಥಾಪಿತವಾಗದು ಎಂದಿತು.

ಇಷ್ಟೆಲ್ಲ ಓದಿ ಪಹಣಿ ಬರಿಯ ಕಾಗದ ಎಂದುಕೊಂಡರೆ ಅದೂ ತಪ್ಪು. ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ, ಹಕ್ಕು ದಾಖಲೆಯಲ್ಲಿನ ನಮೂದನ್ನು ಅದಕ್ಕೆ ವಿರುದ್ಧವಾದದ್ದು ರುಜುವಾತಾಗುವವರೆಗೆ ನಿಜವೆಂದೇ ಭಾವಿಸಬೇಕು ಎನ್ನುತ್ತದೆ. ಪಕ್ಕದ ಹೊಲದವರು ಬದು ಒತ್ತಿ ಬಂದರೆ, ಸಂಬಂಧವೇ ಇಲ್ಲದವರು ಜಮೀನು ತಮ್ಮದೆಂದರೆ, ಪಹಣಿ ಹಿಡಿದವರ ಮಾತಿಗೆ ಮೊದಲ ತೂಕ ಸಿಗುತ್ತದೆ. ಎದುರಿನವರು 1958ರ ಕ್ರಯಪತ್ರ, ವಂಶವೃಕ್ಷ ಹಿಡಿದು ಬಂದಾಗ ಆ ಭಾವನೆ ಕರಗುತ್ತದೆ. ಅದೇ ಕಾಯ್ದೆಯ 135ನೇ ಕಲಂ ದಾರಿಯನ್ನೂ ತೋರಿಸಿದೆ: ನಮೂದಿನಿಂದ ಬಾಧಿತರಾದವರು ತಮ್ಮ ಹಕ್ಕನ್ನು ಅಲ್ಲಗಳೆಯುವವರ ವಿರುದ್ಧ ಸಿವಿಲ್ ದಾವೆ ಹೂಡಿ ಹಕ್ಕು ಘೋಷಣೆ ಪಡೆಯಬಹುದು, ಪಹಣಿ ಆ ಘೋಷಣೆಗೆ ತಕ್ಕಂತೆ ತಿದ್ದುಪಡಿಯಾಗುತ್ತದೆ. ಅಂದರೆ ಪಹಣಿಯನ್ನು ನೋಡಿ ಹಕ್ಕು ಬದಲಾಗುವುದಿಲ್ಲ, ಹಕ್ಕನ್ನು ನೋಡಿ ಪಹಣಿ ಬದಲಾಗಬೇಕು.

ಇದರ ತಿರುವು ಮುರುವೂ ನಿಜ. ಯಾರೋ 1990ರಲ್ಲಿ ನೋಂದಾಯಿತ ಕ್ರಯಪತ್ರದಿಂದ ಜಮೀನು ಕೊಂಡು ಖಾತೆ ಮಾಡಿಸಿಕೊಳ್ಳದೆ ಬಿಟ್ಟಿದ್ದರೆ, ಪಹಣಿಯಲ್ಲಿ ಮಾರಿದವರ ಹೆಸರೇ ಮುಂದುವರಿದಿದ್ದರೂ ಅವರ ಒಡೆತನ ಹೋಗುವುದಿಲ್ಲ. ಆದರೆ ಮಾರಿದವರ ಮಕ್ಕಳು ಪೌತಿ ಖಾತೆ ಮಾಡಿಸಿಕೊಂಡು ಮತ್ತೊಬ್ಬರಿಗೆ ಮಾರುವ ಅಪಾಯ ಅಲ್ಲಿದ್ದೇ ಇರುತ್ತದೆ. ಅದಕ್ಕೇ ಪತ್ರವಾದ ಮೇಲೆ ಖಾತೆಯೂ ಆಗಬೇಕು.

ಯಾರೂ ಖಾತ್ರಿ ಕೊಡದ ವ್ಯವಸ್ಥೆ

ತಹಶೀಲ್ದಾರರು ಖಾತೆ ಮಾಡುವಾಗ ಒಡೆತನ ತೀರ್ಮಾನಿಸುವುದಿಲ್ಲ ಸರಿ, ಉಪನೋಂದಣಾಧಿಕಾರಿಯಾದರೂ ಮಾಡುತ್ತಾರೆಯೇ? ಅವರೂ ಇಲ್ಲ. ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು, ಶುಲ್ಕ ಸಂದಿದೆಯೇ ಎಂದು ನೋಡಿ ಅವರು ಪತ್ರವನ್ನು ನೋಂದಾಯಿಸುತ್ತಾರೆ. ಮಾರುವವರಿಗೆ ನಿಜಕ್ಕೂ ಆ ಜಮೀನು ಸೇರಿದೆಯೇ ಎಂದು ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಆದ್ದರಿಂದ ಈ ರೈತರು 1 ಎಕರೆಗೆ ಕ್ರಯಪತ್ರ ಮಾಡಿಕೊಟ್ಟುಬಿಟ್ಟಿದ್ದರೂ ಕೊಂಡವರಿಗೆ ಸಿಗುತ್ತಿದ್ದದ್ದು ಹಂಚಿಕೆಯಾಗದ ಜಮೀನಿನಲ್ಲಿ ರೈತರಿಗಿದ್ದ ಪಾಲಷ್ಟೇ, ರಸ್ತೆ ಪಕ್ಕದ ಆ ತುಂಡೇ ಅಲ್ಲ. ನಾಳೆ ಚಿಕ್ಕಪ್ಪನ ಮಕ್ಕಳು ವಿಭಾಗ ದಾವೆ ಹೂಡಿದರೆ ಕೊಂಡವರೂ ಅದರಲ್ಲಿ ಪ್ರತಿವಾದಿ.

ಋಣಭಾರ ಪತ್ರದ ಮಿತಿಯೂ ಹೀಗೇ. ನೋಂದಣಿಯಾದ ಕ್ರಯ, ಆಧಾರ, ದಾನ, ವಿಭಾಗ ಅದರಲ್ಲಿ ಕಾಣುತ್ತವೆ. ಸಾವು, ಬಾಯಿಮಾತಿನ ಹಂಚಿಕೆ, ನೋಂದಣಿಯಾಗದ ಉಯಿಲು ಕಾಣುವುದಿಲ್ಲ. ಈ ಮನೆಯ ಋಣಭಾರ ಪತ್ರ 1958ರ ನಂತರ ಖಾಲಿಯೇ ಇತ್ತು. ರೈತರಿಗೆ ಅದು 'ಏನೂ ತೊಂದರೆಯಿಲ್ಲ' ಎಂಬಂತೆ ಕಂಡಿತು. ವಕೀಲರಿಗೆ ಕಂಡದ್ದು ಬೇರೆ: 1958ರಿಂದೀಚೆಗೆ ಈ ಮನೆಯಲ್ಲಿ ಪಾಲೇ ಆಗಿಲ್ಲ.

ಸರ್ಕಾರವೇ ಒಡೆತನಕ್ಕೆ ಖಾತ್ರಿ ಕೊಡುವ ಪದ್ಧತಿ ಜಗತ್ತಿನಲ್ಲಿ ಇಲ್ಲದಿಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ಜಾರಿಗೆ ಬಂದ ಟಾರೆನ್ಸ್ ಪದ್ಧತಿಯಲ್ಲಿ ಸರ್ಕಾರದ ವಹಿಯಲ್ಲಿರುವ ಹೆಸರೇ ಒಡೆಯನ ಹೆಸರು. ಭಾರತವೂ ಅತ್ತ ಸಾಗಬೇಕೆಂಬ ಚರ್ಚೆ ದಶಕಗಳಿಂದ ಇದೆ. ಆಂಧ್ರಪ್ರದೇಶ ಅಂಥದೊಂದು ಕಾಯ್ದೆಯನ್ನು 2023ರಲ್ಲಿ ಜಾರಿಗೆ ತಂದಿತು. ರೈತರ ಆತಂಕ, ಚುನಾವಣೆಯ ಬಿಸಿಯ ನಡುವೆ 2024ರಲ್ಲಿ ಅದು ರದ್ದಾಯಿತು. ಪ್ರತಿ ಸರ್ವೆ ನಂಬರಿನ ಹಿಂದೆಯೂ ಇಂಥದೊಂದು ಮನೆಯ ಕಥೆಯಿರುವಾಗ, ಎಲ್ಲರ ಪಾಲನ್ನೂ ವಿಚಾರಿಸದೆ ಖಾತ್ರಿ ಕೊಟ್ಟರೆ ತಂಗಿಯಂಥವರ, ಊರು ಬಿಟ್ಟ ಚಿಕ್ಕಪ್ಪನಂಥವರ ಹಕ್ಕು ಒಂದೇ ಏಟಿಗೆ ಅಳಿಸಿಹೋಗಬಹುದು.

ಪಾಲು ಪತ್ರವಾಗುವವರೆಗೆ

ವಕೀಲರು ಎರಡು ದಾರಿ ಹೇಳಿದರು. ಒಂದು, ಎಲ್ಲರನ್ನೂ ಕೂರಿಸಿ ಮಾತಾಡಿ ನೋಂದಾಯಿತ ವಿಭಾಗಪತ್ರ ಮಾಡಿಕೊಳ್ಳುವುದು. ಇನ್ನೊಂದು, ಸಿವಿಲ್ ನ್ಯಾಯಾಲಯದಲ್ಲಿ ವಿಭಾಗ ದಾವೆ. ಎರಡನೆಯದರಲ್ಲಿ ಮೊದಲು ಯಾರಿಗೆ ಎಷ್ಟು ಪಾಲೆಂಬ ಪ್ರಾಥಮಿಕ ಡಿಕ್ರಿ, ಆಮೇಲೆ ಅಳತೆ ಮಾಡಿ ತುಂಡು ಹಂಚುವ ಹಂತ, ಎರಡಕ್ಕೂ ಮೇಲ್ಮನವಿಗಳು. ಮದುವೆಯ ಖರ್ಚಿಗೆ ಕಾಯುವವರು ನಂಬಿ ಕೂರುವ ದಾರಿ ಅದಲ್ಲ.

ತಂಗಿಯ ಮನೆಗೆ ಹೋದಾಗ ಆಕೆ ಹೇಳಿದ್ದು ನೇರವಾಗಿತ್ತು: "ಅವತ್ತು ಅಮ್ಮ ಹೇಳಿದ್ಲು ಅಂತ ಸಹಿ ಹಾಕ್ದೆ ಅಣ್ಣ. ಎಲ್ಲಾ ಬೇಡ, ನಂಗೂ ಒಂದಿಷ್ಟು ಇರ್ಲಿ." 40 ಗುಂಟೆಯಲ್ಲಿ 20 ಉಳಿಸಿಕೊಂಡು 20 ಬಿಟ್ಟುಕೊಡಲು ಒಪ್ಪಿದರು. ಚಿಕ್ಕಮ್ಮನಿಗೆ 1985ರ ಚೀಟಿ ನೆನಪಿತ್ತು. ಮಕ್ಕಳಿಗೆ ಅದು ಲೆಕ್ಕಕ್ಕಿರಲಿಲ್ಲ. ಹಲವು ಸಲ ಮಾತಾದ ಮೇಲೆ, ಆಗ ಪಡೆದ ಹಣದ ಋಣಕ್ಕೆ 20 ಗುಂಟೆ ಬಿಟ್ಟು 60 ಗುಂಟೆಗೆ ಒಪ್ಪಿದರು. ರೈತರಿಗೆ ತೆಂಗಿನ ತೋಟವೂ ಸೇರಿ 80 ಗುಂಟೆ, ಅಂದರೆ 2 ಎಕರೆ ಉಳಿಯಿತು. ಕಾನೂನಿನ ಲೆಕ್ಕಕ್ಕಿಂತ ಹೆಚ್ಚು, ಪಹಣಿ ತೋರಿಸುತ್ತಿದ್ದುದಕ್ಕಿಂತ ಅರ್ಧ ಕಡಿಮೆ.

ಒಪ್ಪಿಗೆ ಬಾಯಿಮಾತಿಗೆ ನಿಲ್ಲದಂತೆ ಮುಂದಿನ ಕೆಲಸ ಕ್ರಮವಾಗಿ ನಡೆಯಬೇಕು. ಒಂದೇ ಸರ್ವೆ ನಂಬರನ್ನು ತುಂಡು ಮಾಡುವುದರಿಂದ ಮೊದಲು ಭೂಮಾಪಕರಿಂದ ಅಳತೆ ಮಾಡಿಸಿ 11ಇ ನಕ್ಷೆ ಪಡೆಯಬೇಕು. ಯಾರ ಪಾಲು ಎಲ್ಲಿ ಎಂಬುದು ಅದರಲ್ಲಿ ಗುರುತಾಗುತ್ತದೆ. ಆ ನಕ್ಷೆಯೊಂದಿಗೆ ವಿಭಾಗಪತ್ರ ಬರೆದು, ಎಲ್ಲ ಪಾಲುದಾರರೂ ಉಪನೋಂದಣಿ ಕಚೇರಿಗೆ ಬಂದು ಸಹಿ ಮಾಡಬೇಕು. ನಂತರ ವಿಭಾಗದ ಆಧಾರದ ಮೇಲೆ ಹೊಸ ಎಂ.ಆರ್. ಆಗಿ, ಪ್ರತಿಯೊಬ್ಬರ ಹೆಸರಿಗೂ ಬೇರೆ ಬೇರೆ ಹಿಸ್ಸಾ ನಂಬರಿನ ಪಹಣಿ ಬರುತ್ತದೆ. ಹಳೆಯ ಬೆಳೆಸಾಲದ ನಮೂದು 11ನೇ ಕಾಲಮ್ಮಿನಲ್ಲಿದ್ದರೆ ಅದನ್ನು ತೀರಿಸಿ ತೆಗೆಸಿಕೊಳ್ಳುವುದು ಇದಕ್ಕೂ ಮೊದಲಿನ ಕೆಲಸ. ಇಷ್ಟಾದ ಮೇಲೆ ರೈತರು ತಮ್ಮ 2 ಎಕರೆಯಲ್ಲಿ ಒಂದನ್ನು ಮಾರಿದರೆ ಕೊಂಡವರಿಗೆ ನಿರ್ದಿಷ್ಟವಾದ ತುಂಡೇ ಸಿಗುತ್ತದೆ.

ವಿಭಾಗಪತ್ರಕ್ಕೂ ಒಂದು ಮಿತಿಯಿದೆ, ಮತ್ತು ಈ ಮನೆಯಲ್ಲೇ ಅದು ಕೊನೆ ಗಳಿಗೆಯಲ್ಲಿ ಎದುರಾಯಿತು. ಮೊದಲು ಬರೆದ ಕರಡಿನಲ್ಲಿ ಚಿಕ್ಕಪ್ಪನ ಕಡೆಯಿಂದ ಚಿಕ್ಕಮ್ಮ ಮತ್ತು ಇಬ್ಬರು ಗಂಡುಮಕ್ಕಳ ಹೆಸರು ಮಾತ್ರ ಇತ್ತು. "ಮಗಳು ಮದುವೆಯಾಗಿ ಹೋಗಿದ್ದಾಳೆ, ಅವಳದೇನೂ ತಕರಾರಿಲ್ಲ" ಎಂದರು ಅಣ್ಣಂದಿರು. ವಕೀಲರು ಒಪ್ಪಲಿಲ್ಲ. ವಾರಸುದಾರರಲ್ಲಿ ಒಬ್ಬರನ್ನು ಬಿಟ್ಟು ಮಾಡಿದ ವಿಭಾಗ, ಅದು ನೋಂದಣಿಯಾಗಿದ್ದರೂ, ಬಿಟ್ಟುಹೋದವರ ಪಾಲನ್ನು ಕಟ್ಟಿಹಾಕುವುದಿಲ್ಲ. ಆಕೆ ಮುಂದೆಂದಾದರೂ ದಾವೆ ಹೂಡಿದರೆ ಇಡೀ ಹಂಚಿಕೆಯನ್ನೇ ಮತ್ತೆ ತೆರೆಯಬೇಕಾಗಬಹುದು. ವಂಶವೃಕ್ಷವನ್ನು ತಾತನಿಂದ ಶುರುಮಾಡಿ, ತೀರಿಹೋದವರನ್ನೂ ಮದುವೆಯಾಗಿ ಹೋದವರನ್ನೂ ಸೇರಿಸಿ ಹೊಸದಾಗಿ ಬರೆಸಲಾಯಿತು. ನೋಂದಣಿಯ ದಿನವನ್ನು ಮುಂದಕ್ಕೆ ಹಾಕಿ, ಚಿಕ್ಕಪ್ಪನ ಮಗಳೂ ಬರಲು ಅನುಕೂಲವಾಗುವ ದಿನ ಗೊತ್ತುಮಾಡಿದರು.